ಮರುಗುವ ಮನಸ್ಸು, ನೆರವಾಗುವ ಕೈ: ಅನುಕಂಪ ಮತ್ತು ಕರುಣೆಗಳ ಅಂತರ

ಹಾಸಿಗೆ ಹಿಡಿದ ಹಿರಿಯರಿರುವ ಮನೆಗಳಲ್ಲಿ ಒಂದು ಸಂಗತಿಯನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ. ರೋಗಿಯನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವರೇ ಎಷ್ಟೋ ಸಲ ಅವರ ಸೇವೆಗೆ ಎಲ್ಲರಿಗಿಂತ ಕಡಿಮೆ ಒದಗುತ್ತಾರೆ. ತಾಯಿ ನರಳಿದೊಡನೆ ಮಗಳು ಅಳುತ್ತ ಹೊರಗೆ ಬರುತ್ತಾಳೆ. ಒಳಗೆ ಉಳಿದು ಕೆಲಸ ಪೂರೈಸುವವಳು ಸೊಸೆ, ಇಲ್ಲವೇ ಸಂಬಳಕ್ಕೆ ಬಂದ ಆರೈಕೆಯ ಹೆಣ್ಣುಮಗಳು. ಬಂಧುಗಳು ಇದನ್ನು ನೋಡಿ ಮಗಳದು ಹೆಂಗರುಳು, ಸೊಸೆಯದು ಕಲ್ಲು ಮನಸ್ಸು ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಪರರ ನೋವು ನಮ್ಮೊಳಗೆ ಏನೇನು ಮಾಡುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಕಳೆದ ನಾಲ್ಕು ದಶಕಗಳಲ್ಲಿ ಬಿಡಿಸಿ ನೋಡಿದ್ದಾರೆ. ಅವರ ಕಾಣ್ಕೆಯನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಪದಗಳನ್ನು ಬೇರ್ಪಡಿಸಿಕೊಳ್ಳೋಣ. ಮರುಕ, ಕನಿಕರ, ಅನುಕಂಪ, ಸಹಾನುಭೂತಿ, ಕರುಣೆ, ದಯೆ ಇವೆಲ್ಲವನ್ನೂ ನಾವು ಒಂದರ ಬದಲು ಒಂದನ್ನು ಬಳಸುವುದುಂಟು. ಶಾಸ್ತ್ರದ ಅನುಕೂಲಕ್ಕಾಗಿ ಇಲ್ಲಿ ಮೂರನ್ನು ಮಾತ್ರ ಇಟ್ಟುಕೊಳ್ಳೋಣ. ಎದುರಿನವರ ಮನಸ್ಸಿನಲ್ಲಿ ಏನಿದೆ, ಅವರಿಗೆ ಏನು ಬೇಕಾಗಿದೆ ಎಂದು ಬುದ್ಧಿಯಿಂದ ತಿಳಿಯುವುದು ಮೊದಲನೆಯದು. ಇದಕ್ಕೆ ನಮ್ಮಲ್ಲಿ ಇಂಗಿತಜ್ಞತೆ ಎಂಬ ಹಳೆಯ ಪದವಿದೆ. ಎದುರಿನವರ ನೋವು ನಮಗೂ ತಗುಲಿ, ನಾವೂ ಅದನ್ನೇ ಅನುಭವಿಸುವುದು ಎರಡನೆಯದು. ಇದಕ್ಕೆ ಅನುಕಂಪ ಎಂಬ ಮಾತು ಬಹಳ ಚೆನ್ನಾಗಿ ಒಪ್ಪುತ್ತದೆ. 'ಕಂಪ' ಎಂದರೆ ನಡುಕ. ಒಬ್ಬರು ನಡುಗಿದಾಗ ಜೊತೆಯಲ್ಲಿ ತಾನೂ ನಡುಗುವುದು ಅನುಕಂಪ. ಒಂದು ತಂತಿಯನ್ನು ಮೀಟಿದರೆ ಅದೇ ಶ್ರುತಿಗಿಟ್ಟ ಪಕ್ಕದ ತಂತಿಯೂ ಮಿಡಿಯುವಂತೆ. ಅವರ ನೋವು ಕಡಿಮೆಯಾಗಲಿ ಎಂಬ ಬೆಚ್ಚನೆಯ ಬಯಕೆ ಹುಟ್ಟಿ, ಅದಕ್ಕಾಗಿ ಏನಾದರೂ ಮಾಡಲು ಮನಸ್ಸು ಮುಂದಾಗುವುದು ಮೂರನೆಯದು. ಅದನ್ನು ಕರುಣೆ ಎನ್ನೋಣ. ಇಂಗಿತಜ್ಞತೆಯಲ್ಲಿ ತಿಳಿವಿದೆ, ಅನುಕಂಪದಲ್ಲಿ ಸಹವೇದನೆಯಿದೆ, ಕರುಣೆಯಲ್ಲಿ ಎದುರಿನವರ ಕಡೆಗೆ ಹರಿಯುವ ಹಿತಚಿಂತನೆಯಿದೆ.

ಇವು ಹೆಸರಿನಲ್ಲಿ ಮಾತ್ರ ಬೇರೆಯೋ, ನಿಜವಾಗಿಯೂ ಬೇರೆಯೋ ಎಂಬ ಪ್ರಶ್ನೆ ಏಳುವುದು ಸಹಜ. ಮೋಸಗಾರನನ್ನು ನೆನೆಯಿರಿ. ಮುದುಕರಿಗೆ ಯಾವಾಗ ಭಯವಾಗುತ್ತದೆ, ಯಾವ ಮಾತಿಗೆ ಅವರು ಕರಗುತ್ತಾರೆ ಎಂಬುದು ಅವನಿಗೆ ಕರತಲಾಮಲಕ. ಅವನಲ್ಲಿ ಇಂಗಿತಜ್ಞತೆ ಧಾರಾಳವಾಗಿದೆ, ಉಳಿದೆರಡು ಇಲ್ಲವೇ ಇಲ್ಲ. ಇನ್ನು ಹಸುಗೂಸನ್ನು ನೋಡಿರಿ. ಹೆರಿಗೆ ವಾರ್ಡಿನಲ್ಲಿ ಒಂದು ಕೂಸು ಅತ್ತರೆ ಪಕ್ಕದ ಕೂಸೂ ಅಳತೊಡಗುತ್ತದೆ. ಅಲ್ಲಿರುವುದು ತಗುಲುವ ನಡುಕ ಮಾತ್ರ; ಅತ್ತ ಕೂಸಿಗೆ ನೆರವಾಗುವ ಶಕ್ತಿಯೂ ಇಲ್ಲ, ಅದರ ಅಳುವಿಗೆ ಕಾರಣವೇನೆಂಬ ತಿಳಿವೂ ಇಲ್ಲ. ಹೀಗೆ ಒಂದನ್ನು ಬಿಟ್ಟು ಇನ್ನೊಂದು ಇರಬಲ್ಲದೆಂದ ಮೇಲೆ ಅವು ಬೇರೆ ಬೇರೆ ಎಂದೇ ಒಪ್ಪಬೇಕು.

ಅನುಕಂಪದ ವೇಳೆ ಮೆದುಳಿನಲ್ಲಿ ಏನಾಗುತ್ತದೆ ಎಂಬುದನ್ನು ತಾನಿಯಾ ಸಿಂಗರ್ ಎಂಬ ಜರ್ಮನ್ ವಿಜ್ಞಾನಿ ಮತ್ತು ಅವರ ಸಂಗಡಿಗರು 2004ರಲ್ಲಿ ಲಂಡನ್ನಿನಿಂದ ಪ್ರಕಟಿಸಿದರು. ಅವರು 16 ಜೋಡಿಗಳನ್ನು ಆರಿಸಿಕೊಂಡರು. ಮಹಿಳೆ ಸ್ಕ್ಯಾನಿಂಗ್ ಯಂತ್ರದೊಳಗೆ, ಆಕೆಯ ಸಂಗಾತಿ ಪಕ್ಕದಲ್ಲಿ. ಒಮ್ಮೆ ಆಕೆಯ ಕೈಗೆ, ಒಮ್ಮೆ ಅವನ ಕೈಗೆ ನೋವಾಗುವಂತೆ ಸಣ್ಣ ವಿದ್ಯುದಾಘಾತ ಕೊಡುತ್ತಿದ್ದರು. ಈಗ ಯಾರಿಗೆ ಎಂಬುದು ಆಕೆಗೆ ಸಂಕೇತದಿಂದ ತಿಳಿಯುತ್ತಿತ್ತು. ಆಕೆಗೆ ಪೆಟ್ಟು ಬಿದ್ದಾಗ ಮೆದುಳಿನ ಎರಡು ಬಗೆಯ ಭಾಗಗಳು ಚುರುಕಾದವು: ನೋವು ಕೈಯ ಯಾವ ಜಾಗದಲ್ಲಿದೆ, ಎಷ್ಟಿದೆ ಎಂದು ಗುರುತಿಸುವ ಭಾಗ ಒಂದು, ಅದು ಎಷ್ಟು ಅಸಹನೀಯ ಎಂದು ಅನುಭವಿಸುವ ಭಾಗ ಇನ್ನೊಂದು. ಸಂಗಾತಿಗೆ ಪೆಟ್ಟು ಬಿದ್ದಾಗ ಮೊದಲನೆಯ ಭಾಗ ಸುಮ್ಮನಿತ್ತು. ಎರಡನೆಯದು ಮಾತ್ರ, ತನಗೇ ನೋವಾದಂತೆ, ಚುರುಕಾಯಿತು. ಅಂದರೆ ಪರರ ನೋವಿನ ಸ್ಥಾನವಾಗಲಿ ಸ್ವರೂಪವಾಗಲಿ ನಮಗೆ ದಾಟಿ ಬರುವುದಿಲ್ಲ, ಅದರ ಸಂಕಟ ಮಾತ್ರ ದಾಟಿ ಬರುತ್ತದೆ. ಈ ಒಂದು ಅಂಶವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ನೋಡುವವನಿಗೆ ಸಂಕಟ ಬಂದಿದೆ, ಆದರೆ ರೋಗಿಗೆ ನೋಯುತ್ತಿರುವುದು ಭುಜವೋ ಸೊಂಟವೋ ಎಂಬುದು ಆ ಸಂಕಟದಿಂದ ಗೊತ್ತಾಗದು.

ಸಂಕಟ ಬಂದ ಮೇಲೆ ಮನಸ್ಸಿಗೆ ಎರಡು ದಾರಿಗಳಿವೆ. ಎದುರಿನವರ ನೋವನ್ನು ಕಡಿಮೆ ಮಾಡಿದರೆ ನಮ್ಮ ಸಂಕಟವೂ ಕಡಿಮೆಯಾಗುತ್ತದೆ. ಅಲ್ಲಿಂದ ಎದ್ದು ಹೋದರೂ ಕಡಿಮೆಯಾಗುತ್ತದೆ. ಮನುಷ್ಯರು ಯಾವ ದಾರಿ ಹಿಡಿಯುತ್ತಾರೆ ಎಂಬುದನ್ನು ಅಮೆರಿಕದ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಡೇನಿಯಲ್ ಬ್ಯಾಟ್ಸನ್ ಮತ್ತು ಸಂಗಡಿಗರು 1981ರಲ್ಲಿ ಒಂದು ಜಾಣ ಪ್ರಯೋಗದಿಂದ ಕಂಡುಕೊಂಡರು. ಎಲೇನ್ ಎಂಬ ತರುಣಿ ಹತ್ತು ಸುತ್ತು ವಿದ್ಯುದಾಘಾತಗಳನ್ನು ತಾಳಿಕೊಳ್ಳಬೇಕಾಗಿರುವುದನ್ನು ವಿದ್ಯಾರ್ಥಿನಿಯರು ಪರದೆಯ ಮೇಲೆ ನೋಡುತ್ತಾರೆ. ಆಘಾತಗಳು ನಿಜವಲ್ಲ, ಎಲ್ಲವೂ ಅಭಿನಯ. ಆದರೆ ನೋಡುವವರಿಗೆ ಅದು ತಿಳಿಯದು. ಎರಡು ಸುತ್ತು ಮುಗಿಯುವಷ್ಟರಲ್ಲಿ ಆಕೆಗೆ ತಾಳಲಾಗುತ್ತಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಆಗ, ಉಳಿದ ಸುತ್ತುಗಳಿಗೆ ಆಕೆಯ ಬದಲು ನೀವು ಕುಳಿತುಕೊಳ್ಳುವಿರಾ ಎಂದು ನೋಡುತ್ತಿದ್ದವಳನ್ನು ಕೇಳಲಾಗುತ್ತದೆ. ಕೆಲವರಿಗೆ ಎರಡು ಸುತ್ತು ನೋಡಿ ಎದ್ದು ಹೋಗುವ ಅವಕಾಶವಿತ್ತು. ಉಳಿದವರು ಬದಲಿಗೆ ಒಪ್ಪದಿದ್ದರೆ ಹತ್ತನ್ನೂ ಕುಳಿತು ನೋಡಲೇಬೇಕಿತ್ತು. ಇದರ ಜೊತೆಗೆ, ಎಲೇನಳ ಅಭಿರುಚಿಗಳು ನಿಮ್ಮಂಥವೇ ಎಂದು ಅರ್ಧದಷ್ಟು ಜನರಿಗೆ ತೋರಿಸಿ, ಆಕೆಯ ಬಗೆಗೆ ಆತ್ಮೀಯತೆ ಮೂಡುವಂತೆ ಮಾಡಿದ್ದರು.

ಆತ್ಮೀಯತೆ ಮೂಡದವರಲ್ಲಿ, ಹತ್ತನ್ನೂ ನೋಡಬೇಕಾಗಿದ್ದವರ ಪೈಕಿ ಶೇಕಡ 64ರಷ್ಟು ಜನ ಬದಲಿಗೆ ಕುಳಿತುಕೊಳ್ಳಲು ಒಪ್ಪಿದರು. ಎದ್ದು ಹೋಗಬಹುದಾಗಿದ್ದವರ ಪೈಕಿ ಒಪ್ಪಿದವರು ಶೇಕಡ 18 ಮಾತ್ರ. ನೋಡುವ ಸಂಕಟದಿಂದ ಪಾರಾಗಲು ಬಾಗಿಲು ತೆರೆದಿದ್ದರೆ ಅವರು ಬಾಗಿಲನ್ನೇ ಹಿಡಿದರು. ಆತ್ಮೀಯತೆ ಮೂಡಿದವರಲ್ಲಿ ಬಾಗಿಲು ತೆರೆದಿದ್ದರೂ ಶೇಕಡ 91ರಷ್ಟು ಜನ ನಿಂತರು. ಅವರ ಗಮನ ತಮ್ಮ ಸಂಕಟದ ಮೇಲಿರಲಿಲ್ಲ, ಎಲೇನಳ ಮೇಲಿತ್ತು. ಇದು ಸಣ್ಣ ಪ್ರಯೋಗ, ಪಾಲ್ಗೊಂಡವರೆಲ್ಲ ಒಂದೇ ವಯೋಮಾನದ ಹೆಣ್ಣುಮಕ್ಕಳು. ಶೇಕಡಾವಾರುಗಳನ್ನು ಶಾಸನವೆಂದು ಯಾರೂ ತಿಳಿಯಬೇಕಾಗಿಲ್ಲ. ಆದರೆ ಆಮೇಲಿನ ಹಲವು ಪ್ರಯೋಗಗಳಲ್ಲಿಯೂ ಇದೇ ಎಳೆ ಕಾಣಿಸಿಕೊಂಡಿತು. ಸ್ವಂತ ತಳಮಳ ಮತ್ತು ಪರರ ಬಗೆಗಿನ ಕಾಳಜಿ ಒಂದೇ ಬೇರಿನಿಂದ ಹುಟ್ಟಿದರೂ ಎರಡು ಕಡೆಗೆ ಎಳೆಯುತ್ತವೆ.

ನಮ್ಮ ಆಡುಮಾತೇ ಇದನ್ನು ಬಯಲು ಮಾಡುತ್ತದೆ. "ಅವ್ವ ನರಳೂದು ನನ್ನ ಕೈಲೆ ನೋಡಾಕ ಆಗಂಗಿಲ್ಲ" ಎನ್ನುತ್ತೇವಲ್ಲ, ಆ ಮಾತಿನ ಕೇಂದ್ರದಲ್ಲಿ ಇರುವವರು ಯಾರು? ನೋವು ಅವ್ವನದು; ಆಗದಿರುವುದು ನನಗೆ.

ಈಗ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಎಪ್ಪತ್ತರ ತಾಯಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿವೆ, ಮಾತೂ ನಿಂತಿದೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾದಾಗ ಹೀಗೆ ಬಲಗಡೆಯ ಅಂಗಗಳೂ ಮಾತೂ ಕೂಡಿಯೇ ಹೋಗುವುದು ಹೆಚ್ಚು. ಆಸ್ಪತ್ರೆಯಿಂದ ಕಳಿಸುವಾಗ ಹೇಳಿದ್ದಾರೆ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿರಿ, ದಿನವೂ ಕೈಕಾಲುಗಳ ಕೀಲುಗಳನ್ನು ಮೆಲ್ಲಗೆ ಆಡಿಸಿರಿ, ಮಲಗಿಸಿ ನೀರು ಕುಡಿಸಬೇಡಿರಿ. ಹಗಲು ತಾಯಿಯ ಬಳಿ ಇರುವವಳು ತವರಿಗೆ ಬಂದಿರುವ ಮಗಳು.

ಮಗ್ಗುಲು ಬದಲಿಸಲು ಹೋದೊಡನೆ ತಾಯಿ ನರಳುತ್ತಾಳೆ. ಮಗಳ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಅರ್ಧಕ್ಕೇ ಬಿಟ್ಟು, "ಸಾಕು ಬಿಡವ್ವಾ, ಈಗ ಬ್ಯಾಡ" ಎಂದು ತಲೆ ಸವರುತ್ತಾಳೆ. ತಾಯಿ ಸುಮ್ಮನಾಗುತ್ತಾಳೆ, ಮಗಳಿಗೂ ನಿರಾಳವಾಗುತ್ತದೆ. ಇಲ್ಲಿಯೇ ಅಪಾಯವಿದೆ, ಏಕೆಂದರೆ ಆ ನಿರಾಳವೇ ಒಂದು ಬಹುಮಾನದಂತೆ ಕೆಲಸ ಮಾಡುತ್ತದೆ. ಮುಂದಿನ ಸಲ ಮಗಳು ಇನ್ನೂ ಬೇಗ ಬಿಡುತ್ತಾಳೆ. ನಾಲ್ಕನೆಯ ದಿನಕ್ಕೆ, ಅವ್ವ ಈಗಷ್ಟೇ ನಿದ್ದೆ ಹೋಗಿದ್ದಾಳೆ ಎಂದು ಮುಟ್ಟುವುದನ್ನೇ ಮುಂದೂಡುತ್ತಾಳೆ. ಇತ್ತ ಒಂದೇ ಕಡೆ ಮೈಭಾರ ಬಿದ್ದು, ಎಲುಬು ಮತ್ತು ಹಾಸಿಗೆಯ ನಡುವೆ ಚರ್ಮ ಅಮುಕಿಕೊಂಡು, ಅಲ್ಲಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಹಿಮ್ಮಡಿ ಇವು ಮೊದಲು ಕೆಡುವ ಜಾಗಗಳು. ಮೊದಲು ಕೆಂಪು ಮಚ್ಚೆ, ಆಮೇಲೆ ಬೊಕ್ಕೆ, ಆಮೇಲೆ ತಿಂಗಳುಗಟ್ಟಲೆ ಮಾಯದ ಹಾಸಿಗೆ ಹುಣ್ಣು. ಕೀಲುಗಳದೂ ಇದೇ ಕಥೆ. ಆಡಿಸದೆ ಬಿಟ್ಟ ಮೊಣಕೈ, ಬೆರಳುಗಳು ಕೆಲವೇ ವಾರಗಳಲ್ಲಿ ಮಡಚಿಕೊಂಡು ಬಿಗಿಯುತ್ತವೆ. ಬಾಯಾರಿದ ಕಣ್ಣು ನೋಡಲಾಗದೆ ಮಲಗಿದಲ್ಲಿಯೇ ಹನಿಸಿದ ನೀರು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯ ಬರುತ್ತದೆ. ಪ್ರೀತಿ ಕಡಿಮೆಯಾಗಿ ಇದಾಗಲಿಲ್ಲ. ತಗುಲಿದ ನಡುಕ ಅತಿಯಾಗಿ, ಅದನ್ನು ಶಮನಗೊಳಿಸುವುದೇ ಕೆಲಸವಾಗಿ, ತಾಯಿಯ ಮೈ ಮರೆತುಹೋಯಿತು.

ಸಂಜೆ ಸೊಸೆ ಬರುತ್ತಾಳೆ. ಅದೇ ನರಳಿಕೆ ಆಕೆಯ ಕಿವಿಗೂ ಬೀಳುತ್ತದೆ. ಆಕೆ ಕೈ ತೆಗೆಯುವುದಿಲ್ಲ, ಹಾಗೆಂದು ನರಳಿಕೆಯನ್ನು ಕೇಳಿಸಿಕೊಳ್ಳದೆಯೂ ಇರುವುದಿಲ್ಲ. ಇದು ಯಾವ ನರಳಿಕೆ ಎಂದು ಕೇಳಿಕೊಳ್ಳುತ್ತಾಳೆ. ಇಂಗಿತಜ್ಞತೆಯ ಕೆಲಸ ಇದು. ಮುಟ್ಟುವ ಮೊದಲೇ ನರಳಿದರೆ ಬೀಳುವ ಭಯವಿರಬಹುದು. ಎತ್ತಿದ ಕ್ಷಣಕ್ಕೆ ನರಳಿ ಎಡಗೈ ಬಲಭುಜದತ್ತ ಹೋದರೆ ನೋವು ಭುಜದ್ದು. ಲಕ್ವ ಹೊಡೆದ ಭುಜ ಸಡಿಲಗೊಂಡು ನೋಯುವುದು ಬಹಳ ಸಾಮಾನ್ಯ. ಎಡಗೈ ಹೊಟ್ಟೆಯ ಕೆಳಗೆ ಹೋದರೆ ಮೂತ್ರದ ಒತ್ತಡವಿರಬಹುದು. ಮಾತು ಹೋದವರ ಇಂಗಿತವನ್ನು ಹೀಗೆ ಕೈಯಿಂದ, ಹುಬ್ಬಿನಿಂದ, ಉಸಿರಿನಿಂದಲೇ ಓದಬೇಕು. ಅಳುವ ಕಣ್ಣಿಗೆ ಇವು ಕಾಣುವುದಿಲ್ಲ.

ಕಾರಣ ಭುಜವೆಂದು ತಿಳಿದರೆ ಮುಂದಿನದು ಕಷ್ಟವಲ್ಲ. ವೈದ್ಯರು ನೋವಿನ ಗುಳಿಗೆ ಬರೆದುಕೊಟ್ಟಿದ್ದರೆ ಸ್ನಾನ, ವ್ಯಾಯಾಮಗಳ ಅರ್ಧ ಮುಕ್ಕಾಲು ಗಂಟೆ ಮೊದಲೇ ಕೊಡುವ ಬಗೆಗೆ ಅವರನ್ನು ಕೇಳಿಕೊಳ್ಳಬಹುದು. ಮುಟ್ಟುವ ಮೊದಲು ರೋಗಿಯ ಎಡಗಡೆ ನಿಂತು, ಮುಖ ಕಾಣುವಂತೆ ಬಾಗಿ, "ಅತ್ತೀ, ಈಗ ಈ ಮಗ್ಗುಲಿಗೆ ಹೊರಳಸ್ತೀನ್ರಿ" ಎಂದು ಹೇಳಬೇಕು. ಮಾತಾಡಲಾರದವರಿಗೂ ಎಷ್ಟೋ ಸಲ ಮಾತು ತಿಳಿಯುತ್ತಿರುತ್ತದೆ. ಬಿದ್ದ ಕೈಯನ್ನಾಗಲಿ ಕಂಕುಳನ್ನಾಗಲಿ ಹಿಡಿದು ಎಳೆಯಬಾರದು. ಹೆಗಲಿನಿಂದ ತೊಡೆಯವರೆಗೆ ಬರುವಂತೆ ಮಡಚಿ ಹಾಸಿದ ಚಾದರವನ್ನು ಇಬ್ಬರು ಎರಡು ಕಡೆ ಹಿಡಿದು, ಉಜ್ಜದಂತೆ ಎತ್ತಿ ಹೊರಳಿಸಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಎಲುಬಿನ ಮೇಲೆಯೇ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆಯಾಗಿಸಿದರೆ ಸಾಕು. ಮೀನಖಂಡದ ಕೆಳಗೆ ಇನ್ನೊಂದು ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಬೇಕು. ಕೆಂಪಾದ ಜಾಗವಿದ್ದರೆ ಬೆರಳಿನಿಂದ ಒತ್ತಿ ನೋಡಬೇಕು. ಒತ್ತಿದಾಗ ಬೆಳ್ಳಗಾಗಿ ಬಿಟ್ಟಾಗ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪಾಗಿಯೇ ಉಳಿದರೆ ಹುಣ್ಣು ಆರಂಭವಾಗಿದೆ, ಅದನ್ನು ವೈದ್ಯರಿಗಾಗಲಿ ದಾದಿಯರಿಗಾಗಲಿ ತೋರಿಸಬೇಕು. ಕಪ್ಪು ಚರ್ಮದಲ್ಲಿ ಕೆಂಪು ಕಾಣದೆ ಇರಬಹುದು. ಆಗ ಆ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ತಿಳಿಯಬೇಕು.

ಸೊಸೆಯದು ಕಲ್ಲು ಮನಸ್ಸೇ? ಅತ್ತೆಯ ನೋವು ಆಕೆಗೂ ತಟ್ಟಿದೆ. ಆದರೆ ತಟ್ಟಿದ ನೋವು ಆಕೆಯೊಳಗೇ ಸುತ್ತಿ ಸುಳಿಯಾಗದೆ ಅತ್ತೆಯ ಭುಜದ ಕಡೆಗೆ ಹರಿದಿದೆ. ಒಳಗಿನ ಈ ಹೊರಳುವಿಕೆಯನ್ನು ಅಭ್ಯಾಸದಿಂದ ಕಲಿಯಲು ಬರುವುದೋ, ಹುಟ್ಟಿನಿಂದಲೇ ಬರಬೇಕೋ ಎಂಬುದು ಮುಂದಿನ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಿದ ಕಥೆ ಸ್ವಾರಸ್ಯವಾಗಿದೆ. ಫ್ರಾನ್ಸಿನ ಮಾತ್ಯೂ ರಿಕಾರ್ ಜೀವವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಆಮೇಲೆ ಬೌದ್ಧ ಭಿಕ್ಷುವಾದವರು. 2007ರಲ್ಲಿ ಅವರು ನೆದರ್ಲೆಂಡ್ಸಿನ ಮಾಸ್ಟ್ರಿಕ್ಟಿನಲ್ಲಿ ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿ ಕರುಣೆಯ ಧ್ಯಾನ ಮಾಡಿದರು. ಅನುಕಂಪದ ಭಾಗಗಳು ಬೆಳಗುವುದನ್ನು ನಿರೀಕ್ಷಿಸಿದ್ದ ತಾನಿಯಾ ಸಿಂಗರ್ ಅವರಿಗೆ ಬೇರೆಯೇ ಚಿತ್ರ ಕಂಡಿತು. ಹಾಗಾದರೆ ಕರುಣೆಯನ್ನು ಬಿಟ್ಟು, ಪರರ ನೋವನ್ನು ಬರಿದೇ ಅನುಭವಿಸಿ ನೋಡಿರೆಂದು ಅವರು ಕೇಳಿಕೊಂಡರು. ರೊಮೇನಿಯಾದ ಒಂದು ಅನಾಥಾಲಯದ ಎಲುಬುಗೂಡಾದ ಮಕ್ಕಳನ್ನು ಸಾಕ್ಷ್ಯಚಿತ್ರದಲ್ಲಿ ನೋಡಿದ್ದ ರಿಕಾರ್ ಅವರನ್ನೇ ಮನಸ್ಸಿಗೆ ತಂದುಕೊಂಡರು. ಸುಮಾರು ಒಂದು ಗಂಟೆಯಲ್ಲಿ, ಆಜೀವ ಸಾಧಕರಾದ ಅವರೂ ಬಳಲಿ ಬತ್ತಿಹೋದರು. ಆಮೇಲೆ ಅದೇ ಮಕ್ಕಳ ನೆನಪಿನ ಜೊತೆಗೇ ಕರುಣೆಯ ಧ್ಯಾನಕ್ಕೆ ತಿರುಗಿದಾಗ, ಚಿತ್ರಗಳ ಘೋರತೆ ಹಾಗೆಯೇ ಇದ್ದರೂ, ಅವರ ಬಳಿಗೆ ಹೋಗಿ ಸಂತೈಸುವ ಹುರುಪು ಮರಳಿತೆಂದು ಅವರು ಹೇಳಿದ್ದಾರೆ.

ಒಬ್ಬ ಸಾಧಕರ ಅನುಭವ ಸಾಮಾನ್ಯರಿಗೆ ಅನ್ವಯಿಸುವುದೇ ಎಂದು ಓಲ್ಗಾ ಕ್ಲಿಮೆಕಿ ಮತ್ತು ಸಿಂಗರ್ ಮುಂದೆ ಪರೀಕ್ಷಿಸಿದರು. ಧ್ಯಾನದ ಅನುಭವವಿಲ್ಲದ ಮಹಿಳೆಯರಿಗೆ ಮೊದಲು ಪರರ ನೋವಿಗೆ ಮಿಡಿಯುವ ಅಭ್ಯಾಸ, ಆಮೇಲೆ ಹಿತವನ್ನು ಬಯಸುವ ಅಭ್ಯಾಸ ಕೊಟ್ಟು, ಸಂಕಟದಲ್ಲಿರುವ ಜನರ ದೃಶ್ಯಗಳನ್ನು ತೋರಿಸಿದರು. ಮೊದಲನೆಯದರಿಂದ ನೋಡುವವರ ದುಃಖ ಹೆಚ್ಚಿತು, ಮೆದುಳಿನ ನೋವಿನ ಭಾಗಗಳು ಇನ್ನಷ್ಟು ಚುರುಕಾದವು. ಎರಡನೆಯದರಿಂದ ಆ ಹೆಚ್ಚಳ ಇಳಿಯಿತು, ಪ್ರೀತಿ ಮತ್ತು ತೃಪ್ತಿಗಳಿಗೆ ಸಂಬಂಧಿಸಿದ ಭಾಗಗಳು ಚುರುಕಾದವು. ಇಲ್ಲಿ ಗಮನಿಸಬೇಕಾದ್ದು, ಕರುಣೆಯೆಂದರೆ ಸಂವೇದನೆಯನ್ನು ಮೊಂಡು ಮಾಡುವುದಲ್ಲ. ಈ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಪಾಲ್ಗೊಂಡವರು ಪ್ರಯೋಗಾಲಯದಲ್ಲಿ ದೃಶ್ಯ ನೋಡಿದರೇ ಹೊರತು ವರ್ಷಗಟ್ಟಲೆ ರೋಗಿಯ ಸೇವೆ ಮಾಡಲಿಲ್ಲವೆಂಬ ಮಿತಿ ಇದಕ್ಕಿದೆ.

ಅಭ್ಯಾಸದ ಕ್ರಮ ಸರಳ. ನಿತ್ಯದ ಪೂಜೆ ಮುಗಿದ ಮೇಲೆ ಕುಳಿತಲ್ಲಿಯೇ ಹತ್ತು ನಿಮಿಷ ಸಾಕು. ಮೊದಲು ಯಾರನ್ನು ನೆನೆದರೆ ತಾನಾಗಿ ಮನಸ್ಸು ಅರಳುವುದೋ ಅವರನ್ನು ನೆನೆಯಬೇಕು, ಮೊಮ್ಮಗುವಾದರೂ ಆಗಬಹುದು. ಅದು ಸುಖವಾಗಿರಲಿ ಎಂಬ ಬಯಕೆ ಎದೆಯಲ್ಲಿ ಮೂಡುವ ತನಕ ಕಾಯಬೇಕು. ಆ ಬಯಕೆ ನಿಂತ ಮೇಲೆ ಅದೇ ಬಯಕೆಯೊಳಗೆ ರೋಗಿಯನ್ನು ತಂದುಕೊಂಡು, ಇವರ ನೋವು ಇಳಿಯಲಿ ಎಂದು ಹಾರೈಸಬೇಕು. ನೇರವಾಗಿ ರೋಗಿಯ ನರಳಿಕೆಯಿಂದ ಆರಂಭಿಸಿದರೆ ಬಹುಮಂದಿಗೆ ತಳಮಳವೇ ಏಳುತ್ತದೆ. ಆದ್ದರಿಂದ ಈ ಅನುಕ್ರಮ ಮುಖ್ಯ. ಕೊನೆಯಲ್ಲಿ, ಇಂದು ನನ್ನ ಕೈಯಿಂದ ಆಗುವ ಒಂದು ಕೆಲಸ ಯಾವುದು ಎಂದು ನಿಶ್ಚಯಿಸಿಕೊಂಡು ಏಳಬೇಕು.

ಹಾಸಿಗೆಯ ಬಳಿ ಇರುವಾಗಲೇ ನಡುಕ ಬಂದರೆ ಗುರುತಿಸುವುದು ಹೇಗೆ? ಉಸಿರು ಮೇಲೆಯೇ ಆಡುತ್ತದೆ, ಗಂಟಲು ಕಟ್ಟುತ್ತದೆ, ದೃಷ್ಟಿ ರೋಗಿಯಿಂದ ಬಾಗಿಲ ಕಡೆಗೋ ಮೊಬೈಲಿನ ಕಡೆಗೋ ಸರಿಯುತ್ತದೆ. ಆಗ ರೋಗಿಯನ್ನು ಭದ್ರವಾಗಿ ಮಲಗಿಸಿ ಕೈ ಬಿಟ್ಟು, ಎರಡು ಪಾದಗಳನ್ನೂ ನೆಲಕ್ಕೆ ಊರಿ, ನಾಲ್ಕೈದು ಸಲ ನಿಧಾನವಾಗಿ ಉಸಿರು ಬಿಟ್ಟು, "ಈ ಸಂಕಟ ನನ್ನದು, ಆ ನೋವು ಅವ್ವನದು" ಎಂದು ಬೇರ್ಪಡಿಸಿಕೊಂಡು ಮತ್ತೆ ಕೈ ಹಚ್ಚಬಹುದು. ಆಗಲೂ ಆಗದಿದ್ದರೆ ಬೇರೆಯವರನ್ನು ಕರೆಯುವುದರಲ್ಲಿ ತಪ್ಪಿಲ್ಲ. ಮನೆಯವರು ಕೆಲಸ ಹಂಚಿಕೊಳ್ಳುವಾಗ ಇದನ್ನು ಎಣಿಸಿಕೊಂಡರೆ ಒಳ್ಳೆಯದು: ಹೊರಳಿಸುವುದು ಮಗಳಿಗೆ ಆಗದಿದ್ದರೆ ಅದು ಸೊಸೆಗಿರಲಿ, ಕೂದಲು ಬಾಚುವುದು, ಕೂರಿಸಿ ಗುಟುಕು ಗುಟುಕಾಗಿ ಕುಡಿಸುವುದು ಮಗಳಿಗಿರಲಿ.

ಒಂದು ಎಚ್ಚರಿಕೆಯನ್ನು ಹೇಳದೆ ಬಿಡುವಂತಿಲ್ಲ. ಸೇವೆ ಮಾಡುವವರ ಬಳಲಿಕೆಯೆಲ್ಲ ಅನುಕಂಪದಿಂದಲೇ ಬಂದದ್ದಲ್ಲ. ಎರಡು ಗಂಟೆಗೊಮ್ಮೆ ಎದ್ದು ತಿಂಗಳುಗಟ್ಟಲೆ ನಿದ್ದೆಗೆಟ್ಟವಳಿಗೆ ಧ್ಯಾನ ಕಲಿಸುವುದಕ್ಕಿಂತ ಮೊದಲು ಒಂದು ರಾತ್ರಿ ಮಲಗಲು ಬಿಡಬೇಕು. ಆ ರಾತ್ರಿಯ ಪಾಳಿಯನ್ನು ಮನೆಯ ಗಂಡುಮಕ್ಕಳು ವಹಿಸಿಕೊಳ್ಳಲಿ. ನಿದ್ದೆ ಸಿಕ್ಕಿದ ಮೇಲೂ ಎರಡು ವಾರ ಊಟ ರುಚಿಸದೆ, ಯಾವುದರಲ್ಲಿಯೂ ಮನಸ್ಸು ನಿಲ್ಲದೆ, ಬದುಕು ಸಾಕೆಂಬ ಮಾತು ಬಾಯಿಗೆ ಬರುತ್ತಿದ್ದರೆ ಅದು ಖಿನ್ನತೆಯ ಲಕ್ಷಣ, ಅದಕ್ಕೆ ಚಿಕಿತ್ಸೆಯಿದೆ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.